ಮಾಲಕರ ಖೋಲಿ

ಸವದತ್ತಿ ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಕೌಂಟರಿನಲ್ಲಿ ಮೆಹೆರಾಜ ಹದಿನಾರು ವರ್ಷ ಕೂತವನು. ಮುಂಗಡ ಕೊಟ್ಟವರ ಖೋಲಿಯನ್ನು ಸಂಜೆ ಆರರವರೆಗೆ ಬೇರೆಯವರಿಗೆ ಕೊಡಬಾರದು ಎಂಬುದು ಅವನ ಹಟ. ಮಾಲಕ ಬಸವಲಿಂಗನಿಗೆ ಆ ಹಟ ಕಂಡರೆ ಆಗುತ್ತಿರಲಿಲ್ಲ.

೨೦೦೩ರ ಒಂದು ಹುಣ್ಣಿಮೆ ಜಾತ್ರೆಯ ದಿನ ಮೆಹೆರಾಜ ಮಧ್ಯಾಹ್ನದ ನಮಾಜಿಗೆ ಹೋಗಿದ್ದಾಗ, ಕಾರಿನಲ್ಲಿ ಬಂದಿಳಿದವರಿಗೆ ಬಸವಲಿಂಗ ಕೊನೆಯ ಖೋಲಿಯ ಕೀಲಿ ಕೊಟ್ಟುಬಿಟ್ಟ. ಅದು ರಾಮದುರ್ಗದ ದೇವಕ್ಕನಿಗೆ ಎತ್ತಿಟ್ಟ ಖೋಲಿ. ನಾಲ್ಕು ಗಂಟೆಗೆ ಮಗಳು ಮತ್ತು ಅವಳ ಹಸುಗೂಸಿನೊಂದಿಗೆ ಆಕೆ ಬಂದು ಮುಂಗಡದ ಪಾವತಿ ಚೀಟಿ ತೋರಿಸಿದಳು.

"ತಪ್ಪು ನಮ್ಮದ ಐತ್ರಿ ಯವ್ವಾ," ಎಂದ ಮೆಹೆರಾಜ. "ಬ್ಯಾರೆ ಲಾಡ್ಜಿನ್ಯಾಗ ಇಂಥಾದ ಖೋಲಿ ಕೊಡಸ್ತೇನಿ. ಬಾಡಿಗಿ ಹೆಚ್ಚಾದ್ರ ನಾವ ಕೊಡತೇವಿ. ಆಟೋ ನಮ್ಮದ, ಊಟಾನೂ ನಮ್ಮದ."

ಫೋನು ಮಾಡಿದ ಕಡೆಯೆಲ್ಲ ಭರ್ತಿ. ಮುನವಳ್ಳಿಯಲ್ಲಿ ಮಾತ್ರ ಒಂದು ಖೋಲಿ ಸಿಕ್ಕಿತು.

"ಈ ಕೂಸಿನ್ನ ಎತ್ತಿಗೊಂಡು ಮತ್ತ ಅಷ್ಟು ದೂರ ಹೋಗ್ಲೇನಪಾ?" ದೇವಕ್ಕ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು.

ಪಡಸಾಲೆಯ ಕುರ್ಚಿಯಿಂದ ಬಸವಲಿಂಗ ಒದರಿದ: "ಮುಂಗಡ ತಿರುಗಿ ಕೊಟ್ಟು ಕಳಸೋ! ಎಷ್ಟು ಮಾತು ಅವರ ಜೋಡಿ?"

ಮೆಹೆರಾಜನಿಗೆ ಮೈಯೆಲ್ಲ ಉರಿದುಹೋಯಿತು. ಮೊಳೆಯಿಂದ ಒಂದನೇ ನಂಬರಿನ ಕೀಲಿ ಕಿತ್ತುಕೊಂಡ. ಅದು ಮಾಲಕ ದಿನಾ ಮಲಗುವ ಖೋಲಿ. ಅವನ ಲುಂಗಿ, ದಿಂಬು ಹೊರಗೆ ಎಸೆದು, ಹೊಸ ಚಾದರ ಹಾಸಿ, ದೇವಕ್ಕನ ಗಂಟನ್ನು ತಾನೇ ಒಳಗಿಟ್ಟ.

"ಲೇ, ನಾ ಎಲ್ಲಿ ಮಲಗಲೋ?" ಬಸವಲಿಂಗ ಎದ್ದು ನಿಂತ.

"ಮುನವಳ್ಳ್ಯಾಗ ಖೋಲಿ ಐತ್ರಿ ಸಾವಕಾರ್ರ," ಎಂದ ಮೆಹೆರಾಜ. "ಆಟೋ ನಮ್ಮದ, ಊಟಾನೂ ನಮ್ಮದ."