ಅಪ್ಪನಿಗೆ ಬೈಯುವ ದಿನ

ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ತೊಳೆದ ಕರಿ ಎಳ್ಳು ಒಣಗುತ್ತಿತ್ತು. ಅದರ ಹಸಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಹುಬ್ಬು ಗಂಟಿಕ್ಕಿತು. ನಿಮಗೆ ಎಳ್ಳೆಂದರೆ ಸಂಕ್ರಾಂತಿ ನೆನಪಾಗಬಹುದು. ನನಗೆ ನೆನಪಾಗುವುದು ಜಗಳ. ನಾಳೆ ನಮ್ಮ ತಂದೆಯ ಶ್ರಾದ್ಧ.

ನಾನು ಗೋಕಾಕದವನು. ಮೊಂಬಾಸಾ ಬಂದರಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆ ಎಂದು ಹೇಳಿದ ದಿನ ಅಪ್ಪ ನಡುಮನೆಯ ಕಂಬ ಹಿಡಿದು ನಿಂತು, "ಸಮುದ್ರ ದಾಟಿದವನ ಕೈನೀರು ನನಗ ಮುಟ್ಟೂದಿಲ್ಲ. ನಾ ಸತ್ತರ ನೀ ಎಳ್ಳುನೀರು ಬಿಡೂದು ಬ್ಯಾಡ," ಅಂದರು. ಕೂಗಲಿಲ್ಲ. ಕೂಗಿದ್ದರೆ ಮರೆಯುತ್ತಿದ್ದೆನೇನೋ. ನಾನು ಹೊರಟೆ. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು.

ಬ್ಯಾಡ ಅಂದದ್ದಕ್ಕೇ ಕೊಡಬೇಕು ಅನ್ನಿಸಿತು. ಅಣ್ಣ ಗೋಕಾಕದಲ್ಲಿ ಮಾಡುತ್ತಿದ್ದ, ನಿಜ. ಆದರೆ ಒಲೆ ಬೇರೆಯಾದ ಮಕ್ಕಳು ಶ್ರಾದ್ಧವನ್ನೂ ಬೇರೆಯಾಗಿಯೇ ಮಾಡಬೇಕು. ಆ ಹಕ್ಕನ್ನು ಅಪ್ಪನೂ ಕಿತ್ತುಕೊಳ್ಳಲಾರರು ಎಂದು ಹಲ್ಲು ಕಚ್ಚಿದೆ.

ಊರಲ್ಲಿರುವವರಿಗೆ ಇದೆಲ್ಲ ಸುಲಭ. ದಿನ ಹೇಳುವುದಕ್ಕೂ ಮಂತ್ರ ಹೇಳಿಸುವುದಕ್ಕೂ ಮನೆತನದ ಆಚಾರ್ಯರಿರುತ್ತಾರೆ. ಇಲ್ಲಿ ನಾನೇ ಪಂಚಾಂಗ ಬಿಚ್ಚಬೇಕು. ಶ್ರಾದ್ಧಕ್ಕೆ ತಿಥಿ ಮಧ್ಯಾಹ್ನ ಇಳಿದ ಮೇಲಿನ ಅಪರಾಹ್ನಕ್ಕೆ ಇರಬೇಕು. ಆದರೆ ಇಲ್ಲಿ ಸೂರ್ಯ ಏಳುವುದೇ ಗೋಕಾಕಕ್ಕಿಂತ ಎರಡು ತಾಸಿಗೂ ಹೆಚ್ಚು ತಡವಾಗಿ. ಅಲ್ಲಿ ಅಪರಾಹ್ನ ಮುಗಿಯುವವರೆಗೂ ಇದ್ದ ತಿಥಿ ಇಲ್ಲಿ ಅಪರಾಹ್ನ ಕಾಲಿಡುವಾಗಲೇ ಮುಗಿದುಹೋಗಿರುತ್ತದೆ. ಒಮ್ಮೊಮ್ಮೆ ಅಣ್ಣನದು ಒಂದು ದಿನ, ನನ್ನದು ಅದರ ಹಿಂದಿನ ದಿನ. ಸಂಕಲ್ಪದಲ್ಲಿ ಕೃಷ್ಣೆಯ ತೀರ ಎಂದು ಹೇಳುವಂತಿಲ್ಲ, ಸಮುದ್ರತೀರ ಎಂದೆ. ಎಳ್ಳು ತರಿಸಿಕೊಡುತ್ತಿದ್ದವರು ಮೂಡಲಗಿಯಿಂದ ಬಂದು ಇಲ್ಲಿ ಅಂಗಡಿ ಇಟ್ಟಿದ್ದ ಜೈನರೊಬ್ಬರು. "ನಮ್ಮೊಳಗ ಈ ಪದ್ಧತಿ ಇಲ್ರಿ. ಆದ್ರ ಎಳ್ಳು ಮಾತ್ರ ಹುಳಾ ಇಲ್ಲದ್ದು ಐತಿ, ನೋಡಿ ಒಯ್ರಿ," ಅನ್ನುತ್ತಿದ್ದರು.

ಊಟಕ್ಕೆ ಕೂಡಲು ಬ್ರಾಹ್ಮಣರಿಲ್ಲ. ಅಂಥ ಹೊತ್ತಿಗೆ ದರ್ಭೆಯನ್ನು ಗಂಟು ಹಾಕಿ ಮಣೆಯ ಮೇಲೆ ಕೂಡಿಸಬಹುದು: ದೇವತೆಗಳ ಸ್ಥಾನಕ್ಕೆ ಒಂದು, ಪಿತೃಗಳ ಸ್ಥಾನಕ್ಕೆ ಒಂದು. ಅವುಗಳ ಮುಂದೆಯೇ ಎಲೆ ಹಾಕಿ ಬಡಿಸಬೇಕು. ಇದನ್ನು, ಇದರ ಮಂತ್ರಗಳನ್ನು ನನಗೆ ಕಲಿಸಿದವರು ಯಾರು ಅಂದುಕೊಂಡಿರಿ? ಅಜ್ಜನ ಶ್ರಾದ್ಧದಲ್ಲಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಾಯಿಪಾಠ ಮಾಡಿಸಿದ್ದು ಅಪ್ಪನೇ. ಅದು ನೆನಪಾದರೆ ನನಗೆ ಇನ್ನಷ್ಟು ಉರಿಯುತ್ತಿತ್ತು.

ಮೊದಲ ವರ್ಷ ಎಲ್ಲವೂ ಸರಿಯಾಗಿ ನಡೆಯಿತು, ಪಿಂಡದವರೆಗೆ. ಜನಿವಾರವನ್ನು ಬಲ ಹೆಗಲಿಗೆ ಹಾಕಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ, ಹಾಸಿದ ದರ್ಭೆಯ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ನೀರು ಬಿಟ್ಟೆ. ಅಪ್ಪ, ಅಜ್ಜ, ಮುತ್ತಜ್ಜ, ಮೂವರಿಗೆ ಮೂರು ಪಿಂಡ. ಮೊದಲನೆಯದನ್ನು ಎತ್ತಿ ಗೋತ್ರ ಹೇಳಿದೆ. ಹೆಸರು ಹೇಳುವಾಗ ಆ ಕಂಬ ಕಣ್ಣಿಗೆ ಕಟ್ಟಿತು, ಆ ತಣ್ಣನೆಯ ದನಿ ಕಿವಿಗೆ ಬಂತು. "ತಗೋರಿ," ಅಂತ ಕುಕ್ಕಿದೆ. ಪಿಂಡ ಒಡೆದು ಎಳ್ಳು ಅನ್ನ ನೆಲದ ತುಂಬ ಚೆಲ್ಲಿತು.

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಹುಕ್ಕೇರಿಯ ವೈದಿಕರ ಮಗಳು. ಶಾಸ್ತ್ರವನ್ನು ಅಡಿಗೆಮನೆಯಿಂದಲೇ ಕೇಳಿ ಬೆಳೆದವಳು.

"ಏಳ್ರಿ," ಅಂದಳು. "ಶ್ರಾದ್ಧದಾಗ ಸಿಟ್ಟು ಬರಬಾರದು, ಅವಸರ ಮಾಡಬಾರದು. ಸಿಟ್ಟಿಲೆ ಕೊಟ್ಟದ್ದು ಪಿತೃಗಳಿಗೆ ಮುಟ್ಟೂದಿಲ್ಲ."

"ಅವರು ಮೊದಲೇ ಬ್ಯಾಡ ಅಂದಾರ."

"ಹಂಗಾದ್ರ ಯಾಕ ಕೊಡ್ಲಿಕತ್ತೀರಿ?"

ನಾನು ನೆಲದ ಮೇಲಿನ ಎಳ್ಳು ಅನ್ನ ಬಳಿಯತೊಡಗಿದೆ. ಆಕೆಯೇ ದಾರಿ ಹೇಳಿದಳು: ವಿಘ್ನವಾದ ಶ್ರಾದ್ಧವನ್ನು ಮುಂದಿನ ಅಮಾವಾಸ್ಯೆಗೆ ಮಾಡಬಹುದು.

ಅಮಾವಾಸ್ಯೆಯ ಹಿಂದಿನ ದಿನ ನನಗೆ ಒಪ್ಪತ್ತು. ಊಟವಾದ ಮೇಲೆ ಆಕೆ ನನ್ನನ್ನು ಹಿತ್ತಲ ಕಟ್ಟೆಗೆ ಕರೆದೊಯ್ದು, "ಬೈಯೂದೆಲ್ಲಾ ಇವತ್ತ ಬೈದು ಮುಗಸ್ರಿ. ನಾಳೆ ಬಾಯಿ ಮುಚಗೊಂಡು ಬಡಸ್ರಿ," ಅಂದು ಬಾಗಿಲು ಮುಂದೆ ಮಾಡಿದಳು. ನಡುವಯಸ್ಸಿನ ಗುಮಾಸ್ತನೊಬ್ಬ ತೆಂಗಿನ ಮರಕ್ಕೆ ಎದುರಾಗಿ ಕುಳಿತು, ಕೈ ತಿರುವುತ್ತ, ಸತ್ತ ತಂದೆಯನ್ನು ಬೈಯುವುದನ್ನು ಪಕ್ಕದ ಮನೆಯವರು ಕಂಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು. ನಾನು ಗಂಟಲು ಕಟ್ಟುವವರೆಗೂ ಬೈದೆ. ಮರುದಿನ ಪಿಂಡ ಒಡೆಯಲಿಲ್ಲ. ಹೊರಗಿಟ್ಟ ಅನ್ನಕ್ಕೆ ಬಂದದ್ದು ಎದೆ ಬೆಳ್ಳಗಿರುವ ಇಲ್ಲಿಯ ಕಾಗೆ. "ಇದೂ ಕಾಗೀನ?" ಎಂದು ಕೇಳಿದೆ. "ತಿಂತಲ್ಲಾ," ಅಂದಳು ಹೆಂಡತಿ.

ಅಂದಿನಿಂದ ಪ್ರತಿವರ್ಷ ಹೀಗೇ. ನನ್ನ ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ. ಹೋಗಿಲ್ಲ. ಅದಕ್ಕೊಂದು ದಿನ ಗೊತ್ತಾಗಿದೆ, ಅಷ್ಟೆ.

ಇವತ್ತೂ ಊಟ ಮುಗಿಸಿ ಕಟ್ಟೆಗೆ ಹೋದೆ. ಅದೇ ಮಾತುಗಳಿಂದ ಸುರುಮಾಡಿದೆ. ನಡುವೆ ಅಣ್ಣನಿಗೂ ಇನ್ನೂ ತಿಳಿಸದ ಸುದ್ದಿ ಬಾಯಿಂದ ಬಿದ್ದುಬಿಟ್ಟಿತು: "ಅಪ್ಪಾ, ನಾ ಇನ್ನ ಊರಿಗೆ ಬರೂದಿಲ್ಲ. ಇಲ್ಲೇ ಮನೀಗೆ ಜಾಗಾ ತಗೊಂಡೇನಿ. ಸಿಟ್ಟಾದ್ರ ಆಗ್ರಿ." ಹೇಳಿ, ಉತ್ತರಕ್ಕೆ ಕಾದವನಂತೆ ಕುಳಿತೆ. ಸಿಟ್ಟಾಗುವ ಸರದಿ ಈಗ ಅವರದು.

ಒಳಗಿನಿಂದ ಹೆಂಡತಿ, "ಮುಗೀತೇನ್ರಿ?" ಅಂದಳು.

"ತಡಿ," ಅಂದೆ. "ಅವರದು ಇನ್ನೂ ಮುಗಿದಿಲ್ಲ."