ವೆಬ್‌ಸೈಟಿನಲ್ಲಿ ನನ್ನ ಮೆಳ್ಳೆಗಣ್ಣು

ನನ್ನ ಎಡಗಣ್ಣು ಮೆಳ್ಳೆ. ಹುಟ್ಟಿನಿಂದಲೇ ಮೂಗಿನ ಕಡೆಗೆ ವಾಲಿದೆ. ಉಡುಪಿಯ ಸ್ಟುಡಿಯೊದವನು ಪ್ರತಿ ಸಲವೂ "ಸ್ವಲ್ಪ ಎಡಕ್ಕೆ ತಿರುಗಿ" ಎನ್ನುತ್ತಿದ್ದ; ಪಕ್ಕದಲ್ಲಿ ನಿಂತ ಅಮ್ಮ "ಇನ್ನೂ ಸ್ವಲ್ಪ" ಎನ್ನುತ್ತಿದ್ದಳು. ಹೀಗಾಗಿ ಊರಿನ ಫೋಟೊಗಳಲ್ಲೆಲ್ಲ ನನಗೆ ಅರ್ಧ ಮುಖ. ಪೂರ್ತಿ ಮುಖ ಸಿಕ್ಕಿದ್ದು ಕುವೈತಿಗೆ ಬಂದು ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸುವಾಗ. ಕ್ಯಾಮೆರಾ ನೋಡು ಎಂದವನಿಗೆ, ನೋಡುತ್ತಲೇ ಇದ್ದೇನೆ ಎಂದೆ.

ಇಲ್ಲಿನ ಖೈತಾನ್ ಬಡಾವಣೆಯ ಒಂದು ಭಾರತೀಯ ಶಾಲೆಯಲ್ಲಿ ನಾನು ಕಂಪ್ಯೂಟರ್ ಟೀಚರ್. ಕಳೆದ ವರ್ಷ ಶಾಲೆಯ ವೆಬ್‌ಸೈಟಿನಲ್ಲಿ ಸಿಬ್ಬಂದಿಯ ಫೋಟೊಗಳ ಬದಲು ಒಂದೇ ಬಗೆಯಲ್ಲಿ ಬಿಡಿಸಿದ ಚಿತ್ರಗಳನ್ನು ಹಾಕಬೇಕೆಂದಾಯಿತು. ಕೆಲಸ ನನ್ನ ತಲೆಗೆ ಬಿತ್ತು. ಎಲ್ಲರ ಫೋಟೊಗಳನ್ನೂ ಚೌಕಕ್ಕೆ ಕತ್ತರಿಸಿ, ಒಂದೇ ಫೋಲ್ಡರಿಗೆ ಹಾಕಿ, ಮಾದರಿಗೊಂದು ಚಿತ್ರ ಕೊಟ್ಟು, ಅಷ್ಟಕ್ಕೂ ಸೇರಿ ಚಿತ್ರ ಬಿಡಿಸುವ ಎಐಗೆ ಒಂದೇ ಸೂಚನೆ ಬರೆದೆ: ಸಪಾಟು ಬಣ್ಣ, ತೆಳು ಗೆರೆ, ತಿಳಿನೀಲಿ ಹಿನ್ನೆಲೆ, ನೇರ ನೋಟ. ಅದು ಒಂದೊಂದಾಗಿ ಬಿಡಿಸುತ್ತಾ ಹೋಯಿತು. ಪ್ರತಿಯೊಂದನ್ನೂ ಮೂಲ ಫೋಟೊದ ಪಕ್ಕ ಇಟ್ಟು ನೋಡಿದೆ. ಹಿಂದಿ ಟೀಚರ ಬೊಟ್ಟು ಮಾಯವಾಗಿತ್ತು, ಅರಬಿಕ್ ಮೇಷ್ಟ್ರ ನರೆತ ಗಡ್ಡ ಕಪ್ಪಾಗಿತ್ತು. ಎರಡನ್ನೂ ಮತ್ತೆ ಮಾಡಿಸಿದೆ. ಕೊನೆಗೆ ನನ್ನದು ಬಂತು. ಕಣ್ಣೆರಡೂ ನೆಟ್ಟಗಿದ್ದವು.

ನೇರ ನೋಟ ಎಂದು ಬರೆದವಳು ನಾನೇ. ಆ ಎರಡು ಪದ ಅಳಿಸಿ ಮತ್ತೆ ಓಡಿಸಿದೆ. ಆಗಲೂ ನೆಟ್ಟಗೆ. ಎಡಗಣ್ಣು ಮಾತ್ರ ಮೂಗಿನ ಕಡೆಗಿದೆ ಎಂದು ಬಿಡಿಸಿ ಹೇಳಿದೆ. ಎರಡೂ ಕಣ್ಣನ್ನು ಒಂದೇ ಕಡೆ ಹೊರಳಿಸಿತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಸ್ಟುಡಿಯೊದವನು ಬಚ್ಚಿಟ್ಟದ್ದು ಸಾಲದೆ ಇದು ಅಳಿಸಿಯೇ ಹಾಕಿತ್ತು. ಚಿತ್ರವನ್ನು ಎಡಿಟರಿನಲ್ಲಿ ತೆರೆದು, ಎಡಗಣ್ಣಿನ ಪಾಪೆಯನ್ನು ಕತ್ತರಿಸಿ ಮೂಗಿನ ಕಡೆ ಸರಿಸಿ, ಖಾಲಿಯಾದ ಜಾಗಕ್ಕೆ ಬಿಳಿ ತುಂಬಿದೆ.

ಉಪ ಪ್ರಾಂಶುಪಾಲರು ಮಂಗಳೂರಿನವರು. ಎರಡೂ ಚಿತ್ರ ನೋಡಿ ಮುಖ ಕಿವುಚಿದರು.

"ಎಂತ ಟೀಚರ್, ಮೊದ್ಲಿಂದೇ ಚಂದ ಇತ್ತಲ್ಲ. ಇದು ನೋಡಿದವ್ರಿಗೆ ಮಿಸ್ಟೇಕ್ ಅಂತ ಕಾಣ್ತದೆ."

"ಮಿಸ್ಟೇಕ್ ಇದ್ದದ್ದು ಮೊದ್ಲಿಂದ್ರಲ್ಲಿ ಸಾರ್."

"ಎಲ್ಲರದ್ದೂ ಒಂದೇ ರೀತಿ ಇರ್ಲಿ ಅಂತ ಅಲ್ವಾ ಇದೆಲ್ಲ ಮಾಡಿದ್ದು?"

"ಬಣ್ಣ ಒಂದೇ, ಗೆರೆ ಒಂದೇ, ಹಿಂದಿನ ನೀಲಿ ಒಂದೇ. ಕಣ್ಣು ನಂದು. ಬೇಡ ಅಂದ್ರೆ ನನ್ನ ಹೆಸ್ರೂ ತೆಗೀರಿ."

ನನ್ನ ಯಾವ ಕಣ್ಣನ್ನು ನೋಡಿ ಮಾತಾಡುವುದೆಂದು ತಿಳಿಯದೆ ಅವರು ಎಲ್ಲರಂತೆ ನನ್ನ ಹಣೆ ನೋಡಿದರು. ಆಮೇಲೆ "ಖಲಾಸ್, ಹಾಕಿ ಮಾರಾಯ್ರೆ" ಎಂದರು.

ಅಲ್ಲೇ ಕೂತು ಹಾಕಿದೆ. ಲಿಂಕನ್ನು ಅಮ್ಮನಿಗೂ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಅಲ್ಲ ಮಗಾ, ಊರೆಲ್ಲ ನೋಡುವಂಥದ್ದು. ಸ್ವಲ್ಪ ಎಡಕ್ಕೆ ತಿರುಗಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ ನಿಂಗೆ?"

"ಅದು ಫೋಟೊ ಅಲ್ಲಮ್ಮ," ಎಂದೆ. "ಆ ಕಣ್ಣು ನಾನೇ ಕೈಯಾರೆ ಇಟ್ಟದ್ದು."