ಒಸ್ಲಾಳ ಚೌಕಟ್ಟಿಗೆ ಬಂದ ಶಾಲು

ನಮ್ಮ ಯೆಲ್ ದ್ವೀಪದಲ್ಲಿ ಹೆಣೆಯಲು ಬಾರದ ಹೆಂಗಸಿಲ್ಲ. ಹೆಣೆದದ್ದನ್ನು ತೊಳೆದು ಹದಕ್ಕೆ ತರುವುದು ಮಾತ್ರ ಎಲ್ಲರ ಕೈಗೂ ಬರುವುದಿಲ್ಲ. ಅದಕ್ಕೆ ಒಸ್ಲಾ ಇಂಕ್‌ಸ್ಟರ್ ಇದ್ದಳು. ಲರ್ವಿಕ್ ಪೇಟೆಯ ಅಂಗಡಿಗೆ ಕಳಿಸುವ ಮೊದಲು ನಾವು ಸ್ವೆಟರು, ಶಾಲುಗಳನ್ನೆಲ್ಲ ಅವಳ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆವು. ಮುದ್ದೆಯಾಗಿ ಒಳಗೆ ಹೋದ ಶಾಲು, ಮರದ ಚೌಕಟ್ಟಿನಲ್ಲಿ ಅಂಚಿನ ಒಂದೊಂದು ಮೊನೆಗೂ ದಾರ ಕಟ್ಟಿಸಿಕೊಂಡು ಬಿಗಿಯಾಗಿ ಒಣಗಿ, ಮಂಜು ಹೊಲಿದಂತೆ ಹೊರಬರುತ್ತಿತ್ತು.

ಅವಳ ಬಾಯಿ ಮಾತ್ರ ವಿಪರೀತ. ನನ್ನ ಸ್ವೆಟರು ನೋಡಿ, “ಇದನ್ನ ಹೆಣೆದಿದ್ದೀಯೋ, ಬರೀ ಗಂಟು ಹಾಕಿದ್ದೀಯೋ?” ಎಂದಿದ್ದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೂ ಮುಂದಿನ ಸ್ವೆಟರನ್ನೂ ಅವಳಿಗೇ ಕೊಟ್ಟೆ. ಅಂಥ ಕೈ ಬೇರೆ ಯಾರಿಗಿತ್ತು?

ಅವಳ ಜೀವದ ಗೆಳತಿ ಗಿರ್ಜಿ ಮೌಟ್. ಚಿಕ್ಕಂದಿನಿಂದ ಒಬ್ಬಳ ಮನೆಯ ಚಹಾ ಇನ್ನೊಬ್ಬಳು ಕುಡಿದು ಬೆಳೆದವರು. ಒಸ್ಲಾ ಮದುವೆಯಾಗಲಿಲ್ಲ, ಒಡಹುಟ್ಟಿದವರೂ ಉಳಿದಿರಲಿಲ್ಲ. ದಿನವೂ ಬಾಗಿಲು ತಟ್ಟದೆ ಒಳಗೆ ಬರುವವಳು ಎಂದರೆ ಗಿರ್ಜಿ ಒಬ್ಬಳೇ.

ಗಿರ್ಜಿಯ ಮಗ ಎರ್ಟಿ ಮೀನು ಹಿಡಿಯುವ ದೋಣಿಯವನು. ಸಮುದ್ರದಾಚೆಯ ಅಬರ್ಡೀನ್ ಪೇಟೆಯಿಂದ ರೋನಾ ಎಂಬ ಹುಡುಗಿಯನ್ನು ಮದುವೆಯಾಗಿ ತಂದ. ಹೆಣಿಗೆ ಬಾರದ ಸೊಸೆ ಎಂದು ಗಿರ್ಜಿ ಮೂಗು ಮುರಿದಳು. ಮೊಮ್ಮಗು ಹುಟ್ಟಿದ ಮೇಲೆ ಸ್ವಲ್ಪ ಮೆತ್ತಗಾದಳು. ನಾಮಕರಣಕ್ಕೆಂದು ಚಳಿಗಾಲವಿಡೀ ಕುಳಿತು ಒಂದು ಜಾಲರಿ ಶಾಲು ಹೆಣೆದಳು. ಬೆರಳಿನ ಗಂಟುಗಳು ಊದಿ ಹೋಗಿದ್ದವು. ಇನ್ನು ಇಂಥ ನಯದ ಕೆಲಸ ತನ್ನಿಂದಾಗದು ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಒಸ್ಲಾ ಆ ಶಾಲನ್ನು ಚೌಕಟ್ಟಿಗೆ ಹಾಕಿ ಕೊಟ್ಟಿದ್ದಳು. ಭಾನುವಾರ ನಾಮಕರಣ ಎನ್ನುವಾಗ ಮಗು ಅದರ ಮೇಲೆ ಹಾಲು ಕಕ್ಕಿತು. ಮತ್ತೆ ತೊಳೆಯಬೇಕಾಯಿತು. ಹೇಗೆಂದು ಒಸ್ಲಾಳನ್ನು ಕೇಳಿಕೊಂಡು ಈ ಸಲ ರೋನಾಳೇ ತೊಳೆಯಲು ಕೂತಳು.

ಅದರ ಮರುದಿನ ನಾನು ಒಸ್ಲಾಳ ಅಡುಗೆಮನೆಯಲ್ಲಿದ್ದೆ. ಗಿರ್ಜಿ ನುಗ್ಗಿ ಬಂದು ಮೇಜಿನ ಮೇಲೆ ಏನನ್ನೋ ಎಸೆದಳು. ಹಿಂದೆ ರೋನಾ, ಕಂಕುಳಲ್ಲಿ ಮಗು, ಅತ್ತು ಕೆಂಪಾದ ಮುಖ. ಎಸೆದದ್ದು ಆ ಶಾಲು. ಅರ್ಧಕ್ಕರ್ಧ ಕುಗ್ಗಿ, ಜಾಲರಿಯ ಕಣ್ಣುಗಳೆಲ್ಲ ಮುಚ್ಚಿಹೋಗಿ, ದಪ್ಪ ಕಂಬಳಿಯ ತುಂಡಿನಂತಾಗಿತ್ತು.

“ನೋಡೇ ಒಸ್ಲಾ, ನನ್ನ ಸೊಸೆ ಮಾಡಿದ ಘನಕಾರ್ಯ! ಕುದಿಯೋ ನೀರಿಗೆ ಹಾಕವ್ಳೆ!”

“ಇಲ್ಲ ಅತ್ತೆ, ಕುದಿಯೋ ನೀರಲ್ಲ...”

“ಬಾಯಿ ಮುಚ್ಚು. ಊರೆಲ್ಲ ನೋಡಿದೆ.”

ಊರೆಲ್ಲ ಏನೂ ನೋಡಿರಲಿಲ್ಲ. ಗಿರ್ಜಿ ಬೆಳಗಿನಿಂದ ಮನೆಮನೆಗೆ ಹೋಗಿ ಹೇಳಿದ್ದಳು, ಅಷ್ಟೆ.

ರೋನಾ ಮೆಲ್ಲಗೆ ಹೇಳಿದಳು, “ಸೋಮವಾರದ ಹಡಗಿಗೆ ಮಗು ಕರ್ಕೊಂಡು ತವರಿಗೆ ಹೋಗ್ತೀನಿ. ಎರ್ಟಿ ಸಮುದ್ರದಿಂದ ಬಂದಾಗ ಹೇಳ್ಬಿಡಿ.” ಅದು ಬೆದರಿಕೆಯ ಮಾತಲ್ಲ. ಅವಳು ಹೋಗುವವಳೇ ಎಂದು ನನಗನಿಸಿತು.

ಒಸ್ಲಾ ಶಾಲನ್ನು ಹರಡಿದಳು. ಕುರುಡರು ಮುಖ ಮುಟ್ಟಿ ನೋಡುವಂತೆ ಅಂಚಿನಿಂದ ಅಂಚಿಗೆ ಬೆರಳಾಡಿಸಿದಳು. ಒಂದು ಕಡೆ ಕೈ ನಿಂತಿತು. ಮತ್ತೆ ಅಲ್ಲಿಗೇ ಹೋಯಿತು.

“ರೋನಾ, ಹೇಗೆ ತೊಳೆದೆ? ಒಂದೂ ಬಿಡದೆ ಹೇಳು.”

“ನೀವು ಹೇಳಿದ ಹಾಗೇ ಚಿಕ್ಕಮ್ಮ. ಮೊಣಕೈಗೆ ಬೆಚ್ಚಗೂ ಅಲ್ಲ ತಣ್ಣಗೂ ಅಲ್ಲ ಅನ್ನೋ ನೀರು. ಸಾಬೂನಿನ ಪುಡಿ ಮೊದಲೇ ಕರಗಿಸಿದೆ. ಉಜ್ಜಲಿಲ್ಲ, ಹಿಂಡಲಿಲ್ಲ, ಬರೀ ಅಂಗೈಯಲ್ಲಿ ಒತ್ತಿದೆ. ಜಾಲಿಸೋಕೆ ಅದೇ ಬಿಸಿಯ ನೀರು ಕಾಯಿಸ್ತಿದ್ದೆ. ಅಷ್ಟರಲ್ಲಿ ಅತ್ತೆ ಬಂದು, ಜಾಲಿಸೋದು ನನ್ನ ಕೆಲಸ ಅಂತ ತಗೊಂಡು ಹೋದ್ರು.”

“ಹೌದು, ತಗೊಂಡೆ. ಹಳ್ಳದ ನೀರಲ್ಲಿ ಜಾಲಿಸಿದೆ. ನಮ್ಮಮ್ಮ ಜಾಲಿಸಿದ ಹಳ್ಳದಲ್ಲೇ. ತಣ್ಣೀರಿಗೆ ಉಣ್ಣೆ ಕುಗ್ಗುತ್ತಾ? ಇವಳೇ ಮೊದಲೇ ಕೆಡಿಸಿದ್ದಳು.”

ಒಸ್ಲಾ ಬುಟ್ಟಿಯಿಂದ ಉಣ್ಣೆಯ ಒಂದೇ ಒಂದು ಎಳೆ ಕಿತ್ತು ನನ್ನ ಕೈಗೆ ಕೊಟ್ಟಳು. “ನೀನು ಸುಮ್ನೆ ಕೂತಿದ್ದೀಯಲ್ಲ, ಇದನ್ನ ಎರಡು ಬೆರಳಲ್ಲಿ ಉದ್ದುದ್ದ ಹಿಂದೆ ಮುಂದೆ ತೀಡು.” ತೀಡಿದೆ. ಎಳೆ ತಾನಾಗಿಯೇ ಒಂದೇ ಕಡೆಗೆ ತೆವಳಿತು. ಎಷ್ಟು ತೀಡಿದರೂ ಹಿಂದಕ್ಕೆ ಬರಲಿಲ್ಲ.

“ಇದರ ಮೈಮೇಲೆ ಮೀನಿನ ಹಾಗೆ ಪೊರೆ ಇದೆ. ಎಲ್ಲ ತುದಿ ಕಡೆಗೇ ಮಲಗಿರ್ತವೆ. ಅದಕ್ಕೇ ಎಳೆ ಬುಡದ ಕಡೆಗೆ ಸುಲಭವಾಗಿ ಜಾರುತ್ತೆ, ತುದಿ ಕಡೆಗೆ ಜಾರಲ್ಲ. ನೀರು ಕುಡಿದು ಉಬ್ಬಿ, ಸಾಬೂನು ಸೇರಿ, ಮೇಲಿಂದ ಯಾರಾದರೂ ಅಲುಗಾಡಿಸಿದರೆ ಒಂದರೊಳಗೊಂದು ನುಗ್ಗಿ ಜಡೆಗಟ್ಟುತ್ತೆ. ಬಿಸಿ ಇದ್ದರೆ ಬೇಗ ಆಗುತ್ತೆ. ಆದರೆ ಬರೀ ಬಿಸಿ ಏನೂ ಮಾಡಲ್ಲ ಗಿರ್ಜಿ. ಅಲುಗಾಟ ಮಾಡುತ್ತೆ. ತಣ್ಣೀರಲ್ಲೂ ಮಾಡುತ್ತೆ, ಹೊತ್ತು ಸಿಕ್ಕರೆ.”

ಒಸ್ಲಾ ಗಿರ್ಜಿಯ ಊದಿದ ಕೈಯನ್ನು ಹಿಡಿದು ಶಾಲಿನ ಮೇಲೆ ಒಂದು ಕಡೆ ಇಟ್ಟಳು. ನಾನೂ ಬಗ್ಗಿ ನೋಡಿದೆ. ಅಂಗೈಯಗಲದ ಜಾಗದಲ್ಲಿ ಮಾತ್ರ ಜಾಲರಿ ಹೆಣೆದಂತೆಯೇ ಇತ್ತು, ಕಣ್ಣುಗಳೆಲ್ಲ ತೆರೆದಿದ್ದವು. ಸುತ್ತ ಮಾತ್ರ ಕಂಬಳಿ.

“ಇಲ್ಲಿ ಏನಿಟ್ಟಿದ್ದೆ?”

ಗಿರ್ಜಿ ಕೈ ಹಿಂದಕ್ಕೆಳೆದುಕೊಂಡಳು. “ಕಲ್ಲು.”

“ಎಷ್ಟು ಹೊತ್ತು?”

“ಕೈ ಸೆಟೆದುಕೊಂಡಿತು ಒಸ್ಲಾ. ತಣ್ಣೀರಲ್ಲಿ ಹಿಡಿಯೋಕಾಗ್ಲಿಲ್ಲ. ಕೊಚ್ಚಿ ಹೋಗದಿರ್ಲಿ ಅಂತ ಕಲ್ಲಿಟ್ಟೆ. ಆಮೇಲೆ ಹಸು ನೋಡೋಕೆ ಹೋದೆ... ಸಂಜೆವರೆಗೂ ಮರೆತೇ ಬಿಟ್ಟೆ.”

ಆ ವಾರವೆಲ್ಲ ಮಳೆ ಸುರಿದಿತ್ತು. ಹಳ್ಳ ಉಕ್ಕಿ ಹರಿಯುತ್ತಿತ್ತು. ಸಾಬೂನು ಬಿಡದ ಶಾಲನ್ನು ಆ ನೀರು ದಿನವಿಡೀ ಬಂಡೆಗಳಿಗೆ ಬಡಿದು ಬಡಿದು ಕುಲುಕಿತ್ತು. ಕಲ್ಲಿನಡಿ ಅಲುಗಾಡದೆ ಇದ್ದಷ್ಟು ಜಾಗ ಉಳಿದಿತ್ತು. ಗಿರ್ಜಿಯ ತಾಯಿ ಅದೇ ಹಳ್ಳದಲ್ಲಿ ಶಾಲುಗಳನ್ನು ಕೈಯಲ್ಲೇ ಹಿಡಿದು, ಅದ್ದಿ, ತೆಗೆದುಬಿಡುತ್ತಿದ್ದಳು. ಹಾಗೆ ಹಿಡಿಯುವ ಕೈ ಗಿರ್ಜಿಗೆ ಈಗ ಇರಲಿಲ್ಲ.

ಒಸ್ಲಾ ಗೆಳತಿಯನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಇರುವ ಒಬ್ಬ ಗೆಳತಿ ಇನ್ನು ಬಾಗಿಲು ದಾಟದೆ ಹೋಗಬಹುದು ಎಂದು ತಿಳಿದೂ ಸೊಸೆಯ ಎದುರಿಗೇ ಕೇಳಿದ್ದಳಲ್ಲ, ಆ ಎದೆಗಾರಿಕೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

“ಬಿಡಿಸೋಕಾಗಲ್ವೇನೇ? ಚೌಕಟ್ಟಿಗೆ ಹಾಕಿ ಎಳೆದು ನೋಡು,” ಎಂದು ಗಿರ್ಜಿ ಬೇಡಿಕೊಂಡಳು.

“ಸ್ವಲ್ಪ ಮುದುಡಿದ್ದರೆ ಎಳೀತಿದ್ದೆ. ಇದು ಜಡೆಗಟ್ಟಿಯಾಯ್ತು. ಎಳೆದರೆ ಹರಿಯುತ್ತೆ. ನಿನಗೆ ಸುಳ್ಳು ಹೇಳಲಾರೆ.”

ಗಿರ್ಜಿ ಶಾಲನ್ನು ಮಡಚಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಮರುದಿನ ಒಸ್ಲಾಳ ಮನೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಒಸ್ಲಾ ಎರಡು ಬಟ್ಟಲು ಚಹಾ ಬಗ್ಗಿಸಿ ಒಂದನ್ನು ಚೆಲ್ಲುವುದನ್ನು ನಾನು ಕಣ್ಣಾರೆ ಕಂಡೆ. ರೋನಾ ಟ್ರಂಕು ಕಟ್ಟುತ್ತಿದ್ದಾಳೆ ಎಂಬ ಸುದ್ದಿಯೂ ಬಂತು.

ಭಾನುವಾರ ಚರ್ಚಿನ ಬಾಗಿಲಲ್ಲಿ ಊರೆಲ್ಲ ನಿಂತಿತ್ತು. ಗಿರ್ಜಿ ಮಗುವನ್ನು ಎತ್ತಿಕೊಂಡು ಬಂದಳು. ಅದರ ಮೈಗೆ ಅದೇ ಗಿಡ್ಡ, ದಪ್ಪ ಶಾಲು ಸುತ್ತಿದ್ದಳು. ಪಕ್ಕದ ಹಳ್ಳಿಯ ಬಾಬಿ ಹ್ಯಾಲ್ಕ್ರೋ ಅದನ್ನು ಮುಟ್ಟಿ ನೋಡಿ, ರೋನಾಳತ್ತ ಓರೆಗಣ್ಣಿಂದ ನೋಡಿದಳು. “ಅಯ್ಯೋ, ಪೇಟೆ ಹುಡುಗಿ ಬೇಯಿಸಿದ ಶಾಲು ಇದೇನಾ?”

ಗಿರ್ಜಿ ನಿಂತಳು. ಒಳಗೆ ಕುಳಿತವರಿಗೂ ಕೇಳುವಂತೆ ಹೇಳಿದಳು, “ಬೇಯಿಸಿದ್ದಲ್ಲ ಬಾಬಿ. ನಾನು ಕೆಡಿಸಿದ್ದು. ಕೈಲಾಗದೆ ಹಳ್ಳಕ್ಕೆ ಹಾಕಿ ಮರೆತೆ, ಆಮೇಲೆ ಇವಳ ತಲೆಗೆ ಕಟ್ಟಿದೆ. ನನ್ನ ಸೊಸೆ ಸರಿಯಾಗೇ ತೊಳೆದಿದ್ದಳು.”

ಒಸ್ಲಾ ನನ್ನ ಪಕ್ಕದಲ್ಲಿದ್ದಳು. ಅಷ್ಟು ಜೋರು ಬಾಯಿಯವಳು ತುಟಿ ಕಚ್ಚಿಕೊಂಡು ಕಣ್ಣೊರೆಸಿಕೊಂಡಳು.

ಗಿರ್ಜಿಯ ಊದಿದ ಕೈಗಳಿಂದ ಮಗು ಮೆಲ್ಲಗೆ ಜಾರತೊಡಗಿತ್ತು. ರೋನಾ ಹತ್ತಿರ ಹೋಗಿ ಆ ಕೈಗಳ ಕೆಳಗೆ ತನ್ನ ಕೈ ಕೊಟ್ಟು, ಮಗುವಿನ ಭಾರ ತಾನು ಹೊತ್ತಳು. “ಹಿಡ್ಕೊಂಡಿದ್ದೀನಿ ಅತ್ತೆ,” ಎಂದಳು, “ಒಳಗೆ ನಡೀರಿ.”